ಹೊಸ ಗ್ರೂಪ್‌ನಲ್ಲಿ ಪರಿಚಯ ಮಾಡಿಕೊಳ್ಳುವುದು ಹೇಗೆ: ಜಾಹೀರಾತು ಅನ್ನಿಸದಂತೆ ಮೊದಲ ಮೆಸೇಜ್ ಬರೆಯುವ ಸಮಗ್ರ ಮಾರ್ಗದರ್ಶಿ

ನಾನು ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪ್‌ನ ಅಡ್ಮಿನ್‌ಗಳಲ್ಲಿ ಒಬ್ಬ. ಹೊಸಬರ ಮೊದಲ ಮೆಸೇಜನ್ನೇ ಡಿಲೀಟ್ ಮಾಡಬೇಕಾದ ಪರಿಸ್ಥಿತಿ ಮತ್ತೆ ಮತ್ತೆ ಬರುತ್ತದೆ. ಬರೆದವರು ಕೆಟ್ಟವರಲ್ಲ, ಮೋಸ ಮಾಡಲು ಬಂದವರೂ ಅಲ್ಲ. ‘ನಾನು ಪರಿಚಯ ಮಾಡಿಕೊಂಡೆ ಅಷ್ಟೇ, ಜಾಹೀರಾತು ಎಲ್ಲಿ ಹಾಕಿದೆ?’ ಎಂದು ಬೇಜಾರಿನಿಂದಲೇ ಕೇಳುತ್ತಾರೆ. ಅವರ ಮೆಸೇಜ್ ತೆಗೆದು ನೋಡಿದರೆ ಎಡವಿದ ಜಾಗ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ.

ಈ ಬರಹ ಎಲ್ಲ ಹೊಸಬರಿಗಲ್ಲ. ಸ್ವಂತ ಕೆಲಸ ಇರುವವರಿಗೆ. ಟ್ಯೂಷನ್ ಹೇಳುವವರು, ವಿಮೆ ಮಾಡಿಸುವವರು, ಇಂಟೀರಿಯರ್ ಮಾಡುವವರು, ಹೊಲಿಗೆ ಕೆಲಸದವರು, ಮನೆಗೆ ಹೋಗಿ ಚಿಕಿತ್ಸೆ ಕೊಡುವವರು. ಇವರಿಗೆ ಕಷ್ಟ ಜಾಸ್ತಿ, ಯಾಕೆಂದರೆ ಕೆಲಸದ ಬಗ್ಗೆ ಹೇಳಿದರೆ ಜಾಹೀರಾತು ಅನ್ನುತ್ತಾರೆ, ಹೇಳದೆ ಇದ್ದರೆ ಮುಂದೆ ಗೊತ್ತಾದಾಗ ಮುಚ್ಚಿಟ್ಟರು ಅನ್ನುತ್ತಾರೆ. ಉದಾಹರಣೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನು ಇಟ್ಟುಕೊಳ್ಳೋಣ. ಹಗಲು ಆಸ್ಪತ್ರೆಯಲ್ಲಿ ಕೆಲಸ, ಸಂಜೆ ಕೆಲವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತಾರೆ, ಈಗಷ್ಟೇ ಮನೆ ಬದಲಾಯಿಸಿದ್ದಾರೆ. ಅವರ ಮೆಸೇಜನ್ನು ಕೊನೆಯವರೆಗೂ ಒಟ್ಟಿಗೆ ತಿದ್ದೋಣ.

## ಶುರು ಮಾಡುವ ಮೊದಲು ಬೇಕಾದದ್ದು

ಜಾಸ್ತಿ ಏನೂ ಬೇಡ. ಫೋನಿನ ನೋಟ್ಸ್ ಆಪ್ ಒಂದು, ಯಾಕೆಂದರೆ ಗ್ರೂಪ್‌ನ ಬಾಕ್ಸ್‌ನಲ್ಲೇ ಬರೆಯಲು ಕುಳಿತರೆ ಕೈ ತಪ್ಪಿ ಅರ್ಧಕ್ಕೇ ಹೋಗಿಬಿಡುತ್ತದೆ. ನಿಮ್ಮ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬ ಗೆಳೆಯ ಅಥವಾ ನೆಂಟರು, ಒಮ್ಮೆ ಓದಿ ಹೇಳಲು. ಮತ್ತೆ ಮೂರ್ನಾಲ್ಕು ದಿನದ ತಾಳ್ಮೆ. ಸೇರಿದ ಐದೇ ನಿಮಿಷಕ್ಕೆ ಬಂದ ಉದ್ದದ ಮೆಸೇಜ್ ಎಷ್ಟೇ ಚೆನ್ನಾಗಿದ್ದರೂ ಮೊದಲೇ ಸಿದ್ಧ ಮಾಡಿಟ್ಟುಕೊಂಡು ಬಂದಂತೆ ಕಾಣುತ್ತದೆ.

## ಹಂತ 1: ಮೊದಲು ಪ್ರೊಫೈಲ್ ಸರಿ ಮಾಡಿ

ಬಹಳ ಜನ ಮೆಸೇಜನ್ನು ಮಾತ್ರ ತಿದ್ದುತ್ತಾರೆ, ಪ್ರೊಫೈಲ್ ಮರೆಯುತ್ತಾರೆ. ಗ್ರೂಪ್‌ನಲ್ಲಿ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ನೀವು ಪ್ರೊಫೈಲ್‌ನಲ್ಲಿ ಬರೆದುಕೊಂಡ ಹೆಸರೇ, ಮೊದಲಿಗೆ ಒಂದು `~` ಗುರುತಿನ ಜೊತೆ ಕಾಣುತ್ತದೆ. ಹೊಸಬರಾದ ನಿಮ್ಮ ನಂಬರ್ ಯಾರ ಬಳಿಯೂ ಇರುವುದಿಲ್ಲ. ಅಂದರೆ ಅಲ್ಲಿರುವ ಎಲ್ಲರಿಗೂ ಆ ಹೆಸರೇ ನಿಮ್ಮ ಗುರುತು.

ಅಲ್ಲಿ ‘ಫಿಸಿಯೋ ಕೇರ್ – ಹೋಮ್ ವಿಸಿಟ್’ ಎಂದು ಇದ್ದರೆ ನೀವು ಬರೆಯುವ ಪ್ರತಿ ಮೆಸೇಜಿನ ತಲೆಯ ಮೇಲೂ ಒಂದು ಬೋರ್ಡ್ ನೇತುಬಿದ್ದಂತೆ. ‘ನೀರು ಬರ್ತಾ ಇಲ್ಲ, ಬೇರೆಯವರಿಗೂ ಹೀಗೇನಾ?’ ಎಂದು ಕೇಳಿದರೂ ಅದು ಕ್ಲಿನಿಕ್ಕಿನ ಪ್ರಶ್ನೆಯಾಗಿಬಿಡುತ್ತದೆ. ನಿಮ್ಮ ಹೆಸರನ್ನೇ ಹಾಕಿ. ಲೋಗೋ ತೆಗೆದು ಮುಖ ಕಾಣುವ ಫೋಟೋ ಹಾಕಿ. ಮುಖ ಹಾಕಲು ಇಷ್ಟವಿಲ್ಲದಿದ್ದರೆ ಗಿಡವೋ ಬೆಟ್ಟವೋ ಏನಾದರೂ ಇರಲಿ, ಆದರೆ ಲೋಗೋ ಬೇಡ.

ವ್ಯಾಪಾರಕ್ಕೆಂದು ಬಿಸಿನೆಸ್ ಅಕೌಂಟ್ ಇದ್ದರೆ ಸಾಧ್ಯವಾದಷ್ಟು ಆ ನಂಬರಿನಿಂದ ಬಡಾವಣೆ ಗ್ರೂಪ್‌ಗೆ ಸೇರಬೇಡಿ. ನಿಮ್ಮ ಹೆಸರು ಒತ್ತಿದವರಿಗೆ ಅಂಗಡಿಯ ವೇಳೆ, ಕ್ಯಾಟಲಾಗ್ ಎಲ್ಲ ತೆರೆದುಕೊಳ್ಳುತ್ತದೆ. ಮನೆಯ ನಂಬರ್ ಬೇರೆ ಇದ್ದರೆ ಅದರಿಂದಲೇ ಸೇರಿ.

## ಹಂತ 2: ಗ್ರೂಪ್ ಓದಿ

ಗ್ರೂಪ್‌ನ ಹೆಸರಿನ ಮೇಲೆ ಒತ್ತಿ ಡಿಸ್ಕ್ರಿಪ್ಷನ್ ಓದಿ. ಮೇಲ್ಗಡೆ ಪಿನ್ ಮಾಡಿದ ಮೆಸೇಜ್ ಇದ್ದರೆ ಅದನ್ನೂ ಓದಿ. ನಿಯಮಗಳು ಸಾಮಾನ್ಯವಾಗಿ ಈ ಎರಡು ಜಾಗದಲ್ಲೇ ಇರುತ್ತವೆ. ನೀವು ಸೇರುವ ಮೊದಲಿನ ಮಾತುಕತೆ ಸಾಮಾನ್ಯವಾಗಿ ನಿಮಗೆ ಕಾಣುವುದಿಲ್ಲ. ಹಾಗಾಗಿ ಎರಡು ಮೂರು ದಿನ ಸುಮ್ನೆ ನೋಡಿ.

ಏನನ್ನು ನೋಡಬೇಕು? ಜನ ಎಷ್ಟು ಉದ್ದ ಬರೆಯುತ್ತಾರೆ, ‘ಸರ್, ಮೇಡಂ’ ಅನ್ನುತ್ತಾರೋ ಹೆಸರು ಹಿಡಿದು ಕರೆಯುತ್ತಾರೋ, ಬೇರೆ ಹೊಸಬರು ಬಂದಾಗ ಪರಿಚಯ ಹೇಳಿಕೊಂಡರೋ ಇಲ್ಲವೋ. ಕೆಲವು ಗ್ರೂಪ್‌ಗಳಲ್ಲಿ ಯಾರೂ ಪರಿಚಯ ಮಾಡಿಕೊಳ್ಳುವ ರೂಢಿಯೇ ಇಲ್ಲ. ನೀರು, ಲಿಫ್ಟ್, ಪಾರ್ಕಿಂಗ್ ವಿಷಯ ಬಿಟ್ಟು ಬೇರೆ ಮಾತಿಲ್ಲ. ಅಂಥ ಕಡೆ ನಾಲ್ಕು ಸಾಲಿನ ಪರಿಚಯವೂ ಭಾಷಣವೇ. ಮೊದಲ ಸಲ ಏನಾದರೂ ಕೇಳುವಾಗಲೇ ‘ನಾವು ಬಿ ಬ್ಲಾಕ್‌ಗೆ ಹೊಸಬರು’ ಎಂದು ಸೇರಿಸಿದರೆ ಅಷ್ಟು ಸಾಕು. ಈ ಬರಹದ ಉಳಿದ ಭಾಗ ನಿಮಗೆ ಬೇಕಾಗುವುದೂ ಇಲ್ಲ.

ನಿಯಮದಲ್ಲಿ ‘ವ್ಯಾಪಾರದ ಮೆಸೇಜ್ ಭಾನುವಾರ ಮಾತ್ರ’ ಎಂದೋ ‘ಅದಕ್ಕೆ ಬೇರೆ ಗ್ರೂಪ್ ಇದೆ’ ಎಂದೋ ಇದ್ದರೆ ಒಳ್ಳೆಯದೇ ಆಯಿತು. ನಿಮ್ಮ ಕೆಲಸದ ವಿವರಕ್ಕೆ ಅಲ್ಲಿ ಜಾಗ ಇದೆ. ಪರಿಚಯದ ಒಳಗೆ ಅದನ್ನು ತುರುಕುವ ಅಗತ್ಯ ಇಲ್ಲ.

## ಹಂತ 3: ನಾಲ್ಕು ವಾಕ್ಯ, ಇದೇ ಕ್ರಮದಲ್ಲಿ

ಪರಿಚಯಕ್ಕೆ ನಾಲ್ಕೈದು ಚಿಕ್ಕ ವಾಕ್ಯ ಸಾಕು. ಉದ್ದವಾದರೆ ವಾಟ್ಸಾಪ್ ಕೆಳಭಾಗವನ್ನು ಮುಚ್ಚಿ ‘ರೀಡ್ ಮೋರ್’ ಎಂದು ತೋರಿಸುತ್ತದೆ, ಅದನ್ನು ಒತ್ತುವವರು ಕಡಿಮೆ. ಆದರೆ ಉದ್ದಕ್ಕಿಂತ ಮುಖ್ಯವಾದದ್ದು ಕ್ರಮ.

1. ನೀವು ಯಾರು, ಯಾವಾಗ ಬಂದಿರಿ, ಯಾವ ಕಡೆ ಇದ್ದೀರಿ.
2. ಮನೆಯಲ್ಲಿ ಯಾರಿದ್ದಾರೆ, ಅಥವಾ ಯಾರ ಮೂಲಕ ಈ ಗ್ರೂಪ್‌ಗೆ ಸೇರಿದಿರಿ.
3. ಏನು ಕೆಲಸ ಮಾಡುತ್ತೀರಿ.
4. ಒಂದು ಸಣ್ಣ ಪ್ರಶ್ನೆ.

ಕೆಲಸದ ವಾಕ್ಯ ಮೂರನೆಯದು, ಕೊನೆಯದಲ್ಲ. ಇದನ್ನು ಮಾತ್ರ ಬದಲಾಯಿಸಬೇಡಿ. ಓದುವವರು ಉತ್ತರ ಕೊಡುವುದು ಕೊನೆಯ ವಾಕ್ಯಕ್ಕೆ. ಕೊನೆಯಲ್ಲಿ ಕೆಲಸ ಇದ್ದರೆ ಮೇಲಿನ ಮಾತೆಲ್ಲ ಅದಕ್ಕೆ ಹಾಕಿದ ಪೀಠಿಕೆಯಾಗಿ ಕಾಣುತ್ತದೆ. ‘ಹಾಗಾದರೆ ಇದಕ್ಕೋಸ್ಕರ ಬಂದದ್ದು’ ಎಂದು ಓದುಗರು ಅಂದುಕೊಂಡಾಯಿತು. ಕೆಲಸ ಮಧ್ಯದಲ್ಲಿದ್ದು ಕೊನೆಯಲ್ಲಿ ಬೇರೆ ಮಾತು ಬಂದರೆ ಅದೂ ನಿಮ್ಮ ಬಗ್ಗೆ ಒಂದು ಸಂಗತಿ, ಅಷ್ಟೇ.

ಮೊದಲ ಎರಡು ವಾಕ್ಯದಲ್ಲಿ ಸ್ವಲ್ಪ ಎಚ್ಚರ ಬೇಕು. ದೊಡ್ಡ ಗ್ರೂಪ್‌ನಲ್ಲಿ ಮನೆ ಬಿಟ್ಟುಹೋದ ಹಳೆಯ ಬಾಡಿಗೆದಾರರೂ ಉಳಿದಿರುತ್ತಾರೆ. ಬ್ಲಾಕ್ ಅಥವಾ ರಸ್ತೆ ಹೇಳಿದರೆ ಸಾಕು, ಮನೆ ನಂಬರ್ ಬೇಡ. ಮಕ್ಕಳ ಹೆಸರು, ಶಾಲೆ, ‘ಹಗಲು ಅಮ್ಮ ಒಬ್ಬರೇ ಇರುತ್ತಾರೆ’ ಎಂಬಂಥ ವಿವರ ಖಂಡಿತ ಬೇಡ.

## ಹಂತ 4: ಕೆಲಸದ ವಾಕ್ಯ ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲಿ. ನಮ್ಮ ಫಿಸಿಯೋಥೆರಪಿಸ್ಟ್ ಮೊದಲು ಬರೆದದ್ದು ಹೀಗಿದೆ ಅಂದುಕೊಳ್ಳಿ:

> ಆತ್ಮೀಯ ನಿವಾಸಿಗಳೇ, ನಾನು ನಿಮ್ಮ ಬಡಾವಣೆಗೆ ಹೊಸದಾಗಿ ಬಂದಿರುವ ನುರಿತ ಫಿಸಿಯೋಥೆರಪಿಸ್ಟ್. ಬೆನ್ನುನೋವು, ಮಂಡಿನೋವು, ಕುತ್ತಿಗೆ ನೋವು, ಆಪರೇಷನ್ ನಂತರದ ವ್ಯಾಯಾಮ – ಎಲ್ಲದಕ್ಕೂ ಪರಿಣಾಮಕಾರಿ ಚಿಕಿತ್ಸೆ. ಮನೆಗೇ ಬಂದು ನೋಡಲಾಗುವುದು. ನಮ್ಮ ನಿವಾಸಿಗಳಿಗೆ ಮೊದಲ ತಪಾಸಣೆ ಉಚಿತ. ಸದವಕಾಶ ಬಳಸಿಕೊಳ್ಳಿ. ಸಂಪರ್ಕಿಸಿ.

ಇದು ಕರಪತ್ರ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಯಾವುದರಿಂದ ಹಾಗಾಯಿತು ಎಂದು ಬಿಡಿಸಿ ನೋಡಬೇಕು, ಇಲ್ಲದಿದ್ದರೆ ತಿದ್ದುವಾಗ ಬೇರೆ ರೂಪದಲ್ಲಿ ಅದೇ ಉಳಿಯುತ್ತದೆ.

ಮೊದಲನೆಯದು ‘ನುರಿತ’, ‘ಪರಿಣಾಮಕಾರಿ’. ನಮ್ಮ ಬಗ್ಗೆ ಬೇರೆಯವರು ಹೇಳಬೇಕಾದ ಮಾತನ್ನು ನಾವೇ ಹೇಳಿಕೊಂಡರೆ ಅದು ಯಾರಿಗೂ ನಾಟುವುದಿಲ್ಲ. ಎರಡನೆಯದು ನೋವುಗಳ ಪಟ್ಟಿ. ಒಬ್ಬ ಮನುಷ್ಯ ತನ್ನ ಕೆಲಸದ ಬಗ್ಗೆ ಮಾತಾಡುವಾಗ ಪಟ್ಟಿ ಓದುವುದಿಲ್ಲ, ಅಂಗಡಿ ಬೋರ್ಡ್ ಓದುತ್ತದೆ. ಮೂರನೆಯದು ‘ನೋಡಲಾಗುವುದು’. ಬರೆದವರು ಒಬ್ಬರೇ, ಆದರೂ ಸಂಸ್ಥೆ ಮಾತಾಡಿದ ಹಾಗಿದೆ. ಇನ್ನು ‘ಆತ್ಮೀಯ ನಿವಾಸಿಗಳೇ’ ಎಂಬ ಸಂಬೋಧನೆ, ಆಟೋ ಮೇಲೆ ಮೈಕ್ ಕಟ್ಟಿಕೊಂಡು ಹೋಗುವವರಿಗೆ ಬಿಟ್ಟುಬಿಡಿ. ‘ಎಲ್ಲರಿಗೂ ನಮಸ್ಕಾರ’ ಸಾಕು.

‘ಉಚಿತ’ದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ತುಂಬ ಜನ ಇದನ್ನು ಜಾಹೀರಾತಿಗೆ ಮದ್ದು ಅಂದುಕೊಂಡಿದ್ದಾರೆ. ದುಡ್ಡು ಕೇಳದಿದ್ದರೆ ಸೇವೆ ಅಲ್ವಾ ಅನ್ನುತ್ತಾರೆ. ಅಲ್ಲ. ‘ಮೊದಲ ಸಲ ಉಚಿತ’ ಎಂದರೆ ಎರಡನೇ ಸಲ ದುಡ್ಡು ಇದೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಪರಿಚಯವೇ ಇಲ್ಲದವರು ಉಚಿತ ಅಂದಾಗ ಜನ ಇನ್ನಷ್ಟು ಹುಷಾರಾಗುತ್ತಾರೆ. ಮುಂದೆ ನಿಜವಾಗಿ ಯಾರಿಗಾದರೂ ದುಡ್ಡು ತೆಗೆದುಕೊಳ್ಳದೆ ನೋಡಬೇಕು ಅನ್ನಿಸಿದರೆ ಅವರಿಗೇ ಹೇಳಿದರಾಯಿತು, ಗ್ರೂಪ್‌ಗೆ ಗೊತ್ತಾಗುವುದು ಬೇಡ.

ಹಾಗಾದರೆ ಕೆಲಸದ ವಾಕ್ಯ ಹೇಗಿರಬೇಕು? ಕೆಲಸದ ಹೆಸರು ಹೇಳಿ, ಎಲ್ಲಿ ಅಥವಾ ಯಾವಾಗ ಮಾಡುತ್ತೀರಿ ಎಂದು ಹೇಳಿ, ಅದು ಅಕ್ಕಪಕ್ಕದವರಿಗೆ ಕಾಣುವ ಒಂದು ಸಂಗತಿಗೆ ಜೋಡಿಸಿ. ಈ ಮೂರನೆಯದು ಮುಖ್ಯ. ಸಂಜೆ ಮನೆಗಳಿಗೆ ಹೋಗಿಬರುವ ಫಿಸಿಯೋಥೆರಪಿಸ್ಟ್ ಅವರ ಸ್ಕೂಟರ್ ರಾತ್ರಿ ತಡವಾಗಿ ಗೇಟಿನ ಒಳಗೆ ಬರುತ್ತದೆ. ಟ್ಯೂಷನ್ ಹೇಳುವವರ ಮನೆ ಮುಂದೆ ಸಂಜೆ ಮಕ್ಕಳ ಸೈಕಲ್ ನಿಲ್ಲುತ್ತವೆ. ಹೊಲಿಗೆ ಕೆಲಸದವರ ಮನೆಯಿಂದ ಮೆಷಿನ್ ಸದ್ದು ಬರುತ್ತದೆ. ಇವೆಲ್ಲ ಪಕ್ಕದವರು ತಿಳಿದಿದ್ದರೆ ಅನುಕೂಲ ಎಂಬಂಥ ಮಾತು. ಕೆಲಸದ ಬಗ್ಗೆ ಹೇಳಲು ಇದರಿಂದ ನಿಮಗೊಂದು ನಿಜವಾದ ಕಾರಣ ಸಿಗುತ್ತದೆ. ‘ನಿಮಗೆ ಏನು ಬೇಕು’ ಎಂದು ಕೇಳುವ ಬದಲು ‘ನನ್ನಿಂದ ನಿಮಗೆ ಏನು ಕಾಣುತ್ತದೆ, ಕೇಳಿಸುತ್ತದೆ’ ಎಂದು ಹೇಳಿದ ಹಾಗಾಗುತ್ತದೆ.

ಅಂಥ ಸಂಗತಿ ಏನೂ ಇಲ್ಲದಿದ್ದರೆ ಕಟ್ಟಿ ಹೇಳಬೇಡಿ. ‘ನಾನು ಫಿಸಿಯೋಥೆರಪಿಸ್ಟ್, ಆಸ್ಪತ್ರೆಯಲ್ಲಿ ಕೆಲಸ’ ಎಂದು ನಿಲ್ಲಿಸಿ.

ಫೋನ್ ನಂಬರ್ ಬರೆಯಬೇಡಿ. ಸಾಮಾನ್ಯ ಗ್ರೂಪ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ನಂಬರ್ ಸಿಗುತ್ತದೆ. ಆದರೂ ಬರೆದರೆ, ಮೆಸೇಜ್ ಬೇರೆ ಕಡೆ ಫಾರ್ವರ್ಡ್ ಆಗಲಿ ಎಂದು ಬರೆದಂತೆಯೇ ಆಯಿತು. ವೆಬ್‌ಸೈಟ್ ಲಿಂಕೂ ಬೇಡ. ಅದರ ಜೊತೆ ಚಿತ್ರದ ಕಾರ್ಡ್ ಒಂದು ತಾನಾಗಿಯೇ ಮೂಡಿ ನಿಮ್ಮ ಮಾತಿಗಿಂತ ದೊಡ್ಡದಾಗಿ ಕೂರುತ್ತದೆ.

## ಹಂತ 5: ಕೊನೆಯ ಪ್ರಶ್ನೆ ಆರಿಸುವುದು

ಕರಪತ್ರವನ್ನು ತಿದ್ದಿದಾಗ ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ:

> ನಮಸ್ಕಾರ. ನಾವು ಹೊಸದಾಗಿ ಬಂದಿದ್ದೇವೆ. ಎಲ್ಲರ ಪರಿಚಯ ಮಾಡಿಕೊಳ್ಳುವ ಆಸೆ. ನಾನು ಫಿಸಿಯೋಥೆರಪಿಸ್ಟ್. ಯಾರಿಗಾದರೂ ನೋವಿದ್ದರೆ ಸಂಕೋಚವಿಲ್ಲದೆ ಕೇಳಿ.

ಮಾತು ಮೆತ್ತಗಾಗಿದೆ. ಪಟ್ಟಿ ಹೋಗಿದೆ, ಉಚಿತ ಹೋಗಿದೆ, ನಂಬರೂ ಇಲ್ಲ. ಆದರೂ ಇದು ಜಾಹೀರಾತೇ, ಮತ್ತು ಗುರುತಿಸಲು ಕಷ್ಟವಾದ ಜಾಹೀರಾತು. ಕೊನೆಯ ವಾಕ್ಯ ಮುಚ್ಚಿಟ್ಟು ಓದಿ, ಉಳಿಯುವುದು ಏನೂ ಇಲ್ಲ. ‘ಹೊಸದಾಗಿ ಬಂದಿದ್ದೇವೆ, ಪರಿಚಯದ ಆಸೆ’ ಎಂದರೆ ಯಾರೂ ಏನೂ ಹೇಳಲು ಆಗುವುದಿಲ್ಲ. ಉತ್ತರ ಕೊಡಬಹುದಾದ ಒಂದೇ ಮಾತು ‘ನೋವಿದ್ದರೆ ಕೇಳಿ’. ಗ್ರೂಪ್‌ನಲ್ಲಿ ಎಲ್ಲರ ಎದುರು ತನ್ನ ನೋವಿನ ಬಗ್ಗೆ ಯಾರು ಹೇಳಿಕೊಳ್ಳುತ್ತಾರೆ? ಹಾಗಾಗಿ ಕೈ ಮುಗಿದ ಎಮೋಜಿ ಎರಡು ಬರುತ್ತವೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಕೊನೆಯ ಪ್ರಶ್ನೆಗೆ ಮೂರು ಗುಣ ಇರಬೇಕು. ಉತ್ತರ ನಿಮಗೆ ನಿಜವಾಗಿ ಬೇಕಾಗಿರಬೇಕು. ಒಂದು ಸಾಲಿನಲ್ಲಿ ಉತ್ತರಿಸಲು ಆಗಬೇಕು. ನಿಮ್ಮ ಕೆಲಸಕ್ಕೆ ಅದು ಸುತ್ತಿ ಬಳಸಿ ಕೂಡ ಹೋಗಬಾರದು. ‘ಇಲ್ಲಿ ಹಿರಿಯರು ಬೆಳಗ್ಗೆ ಎಲ್ಲಿ ವಾಕಿಂಗ್ ಮಾಡುತ್ತಾರೆ?’ ಎಂದು ಫಿಸಿಯೋಥೆರಪಿಸ್ಟ್ ಕೇಳಿದರೆ ಯಾರಾದರೂ ಒಬ್ಬರಿಗೆ ಅನುಮಾನ ಬಂದೇ ಬರುತ್ತದೆ. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಹತ್ತಿರದಲ್ಲಿ ಸೈಕಲ್ ರಿಪೇರಿ ಯಾರು ಮಾಡುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ – ಇಂಥವು ಚೆನ್ನ. ಗೊತ್ತಿದ್ದವರಿಗೆ ಹೇಳುವುದರಲ್ಲೂ ಒಂದು ಖುಷಿ ಇರುತ್ತದೆ.

ಈಗ ಪೂರ್ತಿ ತಿದ್ದಿದ ಮೆಸೇಜ್:

> ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ಬಿ ಬ್ಲಾಕಿಗೆ ಬಾಡಿಗೆಗೆ ಬಂದಿದ್ದೇವೆ – ನಾನು, ನನ್ನ ಗಂಡ, ಮಗಳು. ನಾನು ಫಿಸಿಯೋಥೆರಪಿಸ್ಟ್. ಆಸ್ಪತ್ರೆ ಕೆಲಸ ಮುಗಿದ ಮೇಲೆ ಕೆಲವರ ಮನೆಗೂ ಹೋಗಿ ಬರುವುದರಿಂದ ನನ್ನ ಸ್ಕೂಟರ್ ಗೇಟಿಗೆ ಬರುವುದು ಸ್ವಲ್ಪ ತಡ, ಸದ್ದಾದರೆ ದಯವಿಟ್ಟು ಹೇಳಿ. ಮಗಳಿಗೆ ಷಟಲ್ ಹುಚ್ಚು. ಕೆಳಗಿನ ಕೋರ್ಟ್‌ನಲ್ಲಿ ಮಕ್ಕಳು ಎಷ್ಟು ಹೊತ್ತಿಗೆ ಆಡುತ್ತಾರೆ?

ಅವರು ಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಾರೆ ಎಂಬ ವಿಷಯ ಇದರಲ್ಲೂ ಇದೆ. ಒಂದು ಅಕ್ಷರವನ್ನೂ ಮುಚ್ಚಿಟ್ಟಿಲ್ಲ. ಆದರೆ ಅದು ಸ್ಕೂಟರಿನ ಕಾರಣವಾಗಿ ಬಂದಿದೆ, ಮತ್ತು ಬೇಕಾದವರು ನೆನಪಿಟ್ಟುಕೊಳ್ಳುತ್ತಾರೆ. ಉತ್ತರ ಬರುವುದು ಮಾತ್ರ ಷಟಲ್ ಬಗ್ಗೆ.

## ಹಂತ 6: ಕಳಿಸುವ ಮೊದಲು ಎರಡು ಪರೀಕ್ಷೆ

ಮೊದಲ ಪರೀಕ್ಷೆ: ನಿಮ್ಮ ಹೆಸರು ಅಳಿಸಿ, ಅದೇ ಕೆಲಸ ಮಾಡುವ ಇನ್ನೊಬ್ಬರು ಇದೇ ಮೆಸೇಜನ್ನು ಬೇರೆ ಬಡಾವಣೆಯಲ್ಲಿ ಹಾಗೇ ಕಳಿಸಬಹುದೇ ನೋಡಿ. ಕಳಿಸಬಹುದಾದರೆ ಅದರಲ್ಲಿ ನೀವು ಇಲ್ಲ, ನಿಮ್ಮ ವ್ಯಾಪಾರ ಮಾತ್ರ ಇದೆ. ಮೇಲಿನ ಕರಪತ್ರವನ್ನು ಯಾವ ಫಿಸಿಯೋಥೆರಪಿಸ್ಟ್ ಬೇಕಾದರೂ ಕಳಿಸಬಹುದು. ಷಟಲ್ ಹುಚ್ಚಿನ ಮಗಳಿರುವ ಮೆಸೇಜನ್ನು ಕಳಿಸಲಾಗದು.

ಎರಡನೇ ಪರೀಕ್ಷೆ ಗೆಳೆಯರದು. ಮೆಸೇಜ್ ಓದಲು ಕೊಟ್ಟು, ಫೋನ್ ವಾಪಸ್ ತೆಗೆದುಕೊಂಡು, ‘ಇದರಲ್ಲಿ ಏನು ಕೇಳಿದ್ದಾರೆ?’ ಎಂದು ಕೇಳಿ. ‘ಷಟಲ್ ಟೈಮ್’ ಎಂದರೆ ಸರಿ. ‘ಫಿಸಿಯೋ ಬೇಕಾದರೆ ಕರೀರಿ ಅಂತ’ ಎಂದರೆ ವಾಕ್ಯಗಳ ಕ್ರಮ ಇನ್ನೂ ಕೆಟ್ಟಿದೆ.

ಮೆಸೇಜನ್ನು ನೀವೇ ಟೈಪ್ ಮಾಡಿ ಅಥವಾ ನೋಟ್ಸ್‌ನಿಂದ ಕಾಪಿ ಮಾಡಿ. ಬೇರೆಯವರು ಕಳಿಸಿದ್ದನ್ನು ಫಾರ್ವರ್ಡ್ ಮಾಡಿದರೆ ಮೇಲೆ ‘ಫಾರ್ವರ್ಡೆಡ್’ ಎಂದು ಬೀಳುತ್ತದೆ. ಪರಿಚಯದ ಮೇಲೆ ಆ ಗುರುತು ಬಿದ್ದರೆ ಇನ್ನೇನು ಉಳಿಯಿತು? ಅಕ್ಷರ ದಪ್ಪ ಮಾಡಲು ಹಾಕುವ `*` ಗುರುತೂ ಬೇಡ. ಯಾರಾದರೂ ದೂರು ಹೇಳಿಕೊಳ್ಳುತ್ತಿರುವಾಗ, ಸಾವಿನ ಸುದ್ದಿ ಬಂದಿರುವಾಗ ಕಳಿಸಬೇಡಿ, ಅರ್ಧ ದಿನ ಕಾಯಿರಿ. ಕಳಿಸಿದ ಮೇಲೆ ತಪ್ಪು ಕಂಡರೆ 15 ನಿಮಿಷದೊಳಗೆ ಎಡಿಟ್ ಮಾಡಬಹುದು.

## ಹಂತ 7: ಉತ್ತರ ಬಂದಾಗ

ಪರಿಚಯ ಅರ್ಧ ಮುಗಿಯುವುದು ಇಲ್ಲಿ. ಪ್ರಶ್ನೆ ಕೇಳಿ ಮಾಯವಾದರೆ ಆ ಪ್ರಶ್ನೆ ನೆಪ ಎಂದು ಗೊತ್ತಾಗಿಬಿಡುತ್ತದೆ. ಕಳಿಸಿದ ಮೇಲೆ ಒಂದೆರಡು ಗಂಟೆ ಫೋನ್ ನೋಡುವ ಹಾಗಿರಲಿ. ಉತ್ತರ ಕೊಟ್ಟವರ ಮೆಸೇಜಿಗೇ ರಿಪ್ಲೈ ಒತ್ತಿ, ಅವರ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಹತ್ತು ಜನ ಸ್ವಾಗತ ಕೋರಿದರೆ ಹತ್ತು ಉತ್ತರ ಬೇಡ, ಕೊನೆಗೆ ಒಟ್ಟಿಗೆ ಒಂದು ಸಾಕು.

ಯಾರಾದರೂ ಅಲ್ಲೇ ‘ಮೇಡಂ, ನಿಮ್ಮ ಚಾರ್ಜ್ ಎಷ್ಟು?’ ಎಂದು ಕೇಳಬಹುದು. ಕೇಳಿದ್ದಾರಲ್ಲ ಎಂದು ದರದ ಪಟ್ಟಿ ಹಾಕಬೇಡಿ. ಕೇಳಿದ್ದು ಒಬ್ಬರು, ಓದುವುದು ಎಲ್ಲರೂ. ‘ನಿಮಗೆ ಪ್ರತ್ಯೇಕ ಮೆಸೇಜ್ ಮಾಡ್ತೀನಿ’ ಎಂದು ಒಂದು ಸಾಲು ಬರೆದು ಅವರಿಗೆ ಮಾತ್ರ ತಿಳಿಸಿ.

ಕೇಳದವರಿಗೆ ಮಾತ್ರ ಪ್ರತ್ಯೇಕ ಮೆಸೇಜ್ ಮಾಡಲೇಬೇಡಿ. ಗ್ರೂಪ್‌ನ ಸದಸ್ಯರ ಪಟ್ಟಿ ತೆರೆದು ಒಬ್ಬೊಬ್ಬರಿಗೂ ‘ಹಾಯ್, ನಾನು ಬಿ ಬ್ಲಾಕ್’ ಎಂದು ಕಳಿಸುವವರು ಇದ್ದಾರೆ. ಅಡ್ಮಿನ್ ಆಗಿ ಹೇಳುತ್ತಿದ್ದೇನೆ, ಎರಡನೇ ಮಾತಿಲ್ಲದೆ ಗ್ರೂಪ್‌ನಿಂದ ತೆಗೆದುಹಾಕುವ ಕೆಲಸ ಇದೊಂದೇ. ನಂಬರ್ ಕೊಟ್ಟದ್ದು ನೀರಿನ ವಿಷಯ ತಿಳಿಯಲಿ ಎಂದು, ವ್ಯಾಪಾರಕ್ಕಲ್ಲ. ಜನ ರಿಪೋರ್ಟ್ ಒತ್ತಿದರೆ ಅಕೌಂಟೇ ಬಂದ್ ಆಗಲೂಬಹುದು.

## ಹಂತ 8: ನಿಮ್ಮ ಕೆಲಸದವರನ್ನೇ ಯಾರಾದರೂ ಕೇಳಿದಾಗ

ಒಂದು ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಅಪ್ಪನಿಗೆ ಸೊಂಟ ನೋವು, ಒಳ್ಳೆ ಫಿಸಿಯೋ ಗೊತ್ತಾ?’ ಆಗ ಓಡಿ ಬಂದು ‘ನಾನಿದ್ದೀನಿ’ ಅನ್ನುವುದಕ್ಕಿಂತ ಸ್ವಲ್ಪ ತಡೆಯುವುದು ಒಳ್ಳೆಯದು. ಬೇರೆಯವರು ತಮಗೆ ಗೊತ್ತಿರುವವರ ಹೆಸರು ಹೇಳಲಿ. ನಿಮ್ಮ ಪರಿಚಯ ನೆನಪಿರುವವರು ನಿಮ್ಮ ಹೆಸರನ್ನೂ ಹೇಳಬಹುದು, ಆಗ ನೀವು ಹೇಳಬೇಕಾದ್ದೇ ಕಡಿಮೆ.

ಬರೆಯುವಾಗ ಮೊದಲೇ ಒಪ್ಪಿಕೊಳ್ಳಿ, ಆಮೇಲೆ ಉಪಯೋಗದ ಮಾತು ಹೇಳಿ:

> ನಾನೂ ಇದೇ ಕೆಲಸ ಮಾಡುವವಳು, ಅದನ್ನು ಮೊದಲೇ ಹೇಳಿಬಿಡ್ತೀನಿ. ಯಾರ ಹತ್ತಿರ ಹೋದರೂ ಪರವಾಗಿಲ್ಲ, ಆದರೆ ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದ್ದರೆ, ತೊಡೆಸಂದಿನ ಹತ್ತಿರ ಜೋಮು ಇದ್ದರೆ, ಮೂತ್ರ ಹೋಗಲು ತೊಂದರೆ ಇದ್ದರೆ ವ್ಯಾಯಾಮ ಶುರು ಮಾಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥದ್ದೇನೂ ಇಲ್ಲದಿದ್ದರೆ ಆಮೇಲೆ ಫಿಸಿಯೋ ನೋಡಬಹುದು.

ಇಲ್ಲಿ ‘ನನ್ನನ್ನು ಕರೆಯಿರಿ’ ಎಂದಿಲ್ಲ. ಬೇಕಾದವರಿಗೆ ಹೇಗೆ ಕರೆಯಬೇಕೆಂದು ಗೊತ್ತಿದೆ.

ಗಂಡನೋ ಗೆಳತಿಯೋ ಯಾರೋ ಹೊರಗಿನವರ ಹಾಗೆ ‘ಬಿ ಬ್ಲಾಕ್ ಮೇಡಂ ತುಂಬ ಚೆನ್ನಾಗಿ ನೋಡ್ತಾರೆ’ ಎಂದು ಬರೆಯುವುದು ಬೇಡವೇ ಬೇಡ. ಒಂದೇ ಮನೆಯವರು ಎಂದು ಗೇಟಿನ ಕಾವಲುಗಾರನಿಗೂ ಗೊತ್ತಿರುತ್ತದೆ. ಹೇಳಲೇಬೇಕಿದ್ದರೆ ‘ನನ್ನ ಹೆಂಡತಿಯೂ ಇದೇ ಕೆಲಸ ಮಾಡ್ತಾಳೆ’ ಎಂದು ಸಂಬಂಧ ಸೇರಿಸಿ ಹೇಳಲಿ.

## ಗ್ರೂಪ್ ನಿಮ್ಮ ಕೆಲಸದವರದ್ದೇ ಆದರೆ

ವೃತ್ತಿಯವರ ಗ್ರೂಪ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಎಲ್ಲರೂ ಫಿಸಿಯೋಥೆರಪಿಸ್ಟ್‌ಗಳೇ, ಕೆಲಸದ ಬಗ್ಗೆ ಬರೆದರೆ ಯಾರಿಗೂ ಬೇಜಾರಿಲ್ಲ. ಮಗಳ ಷಟಲ್ ಅಲ್ಲಿ ಯಾರಿಗೂ ಬೇಡ. ಅಲ್ಲಿ ಜಾಹೀರಾತು ಅನ್ನಿಸುವುದು ಡಿಗ್ರಿಗಳ ಸಾಲು, ಕೋರ್ಸ್‌ಗಳ ಪಟ್ಟಿ, ದೊಡ್ಡವರ ಜೊತೆ ಕೆಲಸ ಮಾಡಿದ ಮಾತು, ‘ಕೇಸ್ ಇದ್ದರೆ ರೆಫರ್ ಮಾಡಿ’ ಎಂಬ ಕೋರಿಕೆ.

ಅಲ್ಲಿ ಕೆಲಸವನ್ನು ಇನ್ನಷ್ಟು ಕಿರಿದು ಮಾಡಿ ಹೇಳಬೇಕು, ಪ್ರಶ್ನೆ ಕೆಲಸದ ಒಳಗಿನದ್ದೇ ಇರಬೇಕು:

> ನಮಸ್ಕಾರ. ಎಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಈಗ ಜಾಸ್ತಿ ನೋಡುವುದು ಮಂಡಿ ಬದಲಾವಣೆ ಆಪರೇಷನ್ ಆದವರನ್ನು, ಅವರ ಮನೆಯಲ್ಲೇ. ಮಂಡಿ ಎಷ್ಟು ಮಡಚುತ್ತದೆ ಎಂದು ಅಳೆಯಲು ಗೋನಿಯೋಮೀಟರ್ ಒಯ್ಯುತ್ತೇನೆ. ನಿಮ್ಮಲ್ಲಿ ಯಾರಾದರೂ ಫೋನಿನ ಆಪ್‌ನಲ್ಲೇ ಅಳೆಯುತ್ತಿದ್ದೀರಾ? ಎರಡರ ಅಳತೆಯೂ ಒಂದೇ ಬರುತ್ತದಾ?

ಇದನ್ನು ಓದಿದವರಿಗೆ ನಿಮ್ಮ ಅನುಭವ ಎಂಥದ್ದು ಎಂದು ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಡಿಗ್ರಿ ಹೇಳಬೇಕಾದ್ದಿಲ್ಲ. ಒಂದು ಎಚ್ಚರ: ನೀವು ನೋಡುತ್ತಿರುವವರ ಗುರುತು ಸಿಗುವಂಥ ವಿವರ, ಫೋಟೋ, ಸ್ಕ್ಯಾನ್ ಪರಿಚಯದಲ್ಲಿ ಹಾಕಬೇಡಿ. ಅದನ್ನು ನೋಡಿದ ಸಹೋದ್ಯೋಗಿಗಳಿಗೆ ನಿಮ್ಮ ಮೇಲೆ ಮೊದಲ ದಿನವೇ ನಂಬಿಕೆ ಹೋಗುತ್ತದೆ.

## ಈಗಾಗಲೇ ಕರಪತ್ರ ಹಾಕಿಬಿಟ್ಟಿದ್ದರೆ

ಜಾಹೀರಾತು ಅನ್ನಿಸಿದೆ ಎಂದು ತಿಳಿಯುವುದು ಹೇಗೆ? ಯಾರೂ ಬೈಯುವುದಿಲ್ಲ. ಉತ್ತರ ಬರುವುದಿಲ್ಲ, ಅಥವಾ ಬರೀ ಎಮೋಜಿ ಬರುತ್ತದೆ. ನಿಮ್ಮ ಮೆಸೇಜಿನ ಬೆನ್ನಿಗೇ ಅಡ್ಮಿನ್ ಗ್ರೂಪ್‌ನ ನಿಯಮಗಳನ್ನು ಮತ್ತೊಮ್ಮೆ ಹಾಕುತ್ತಾರೆ. ಇಲ್ಲವೇ ಇನ್ನೊಬ್ಬರು ಧೈರ್ಯ ಬಂದು ತಮ್ಮ ವ್ಯಾಪಾರದ ಮೆಸೇಜನ್ನೂ ಹಾಕುತ್ತಾರೆ. ಈ ಕೊನೆಯದೇ ಸ್ಪಷ್ಟ ಲಕ್ಷಣ. ಅವರು ನಿಮ್ಮದನ್ನು ಜಾಹೀರಾತು ಎಂದೇ ಓದಿದ್ದಾರೆ.

ಕಳಿಸಿ ಎರಡು ದಿನದೊಳಗಾದರೆ ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿ ನೀವೇ ತೆಗೆಯಬಹುದು. ತೆಗೆದ ಗುರುತು ಅಲ್ಲಿ ಉಳಿಯುತ್ತದೆ, ಅದರಿಂದ ತೊಂದರೆ ಇಲ್ಲ. ‘ನಿಯಮ ಈಗ ನೋಡಿದೆ, ಹಿಂದಿನ ಮೆಸೇಜ್ ತೆಗೆದಿದ್ದೇನೆ’ ಎಂದು ಒಂದೇ ಸಾಲು ಬರೆಯಿರಿ. ಉದ್ದದ ಕ್ಷಮಾಪಣೆ ಬೇಡ, ಅದರಲ್ಲಿ ಕೆಲಸದ ಹೆಸರು ಇನ್ನೊಂದು ಸಲ ಬಂದೇಬಿಡುತ್ತದೆ. ಅಡ್ಮಿನ್ ತೆಗೆದಿದ್ದರೆ ಗ್ರೂಪ್‌ನಲ್ಲಿ ವಾದಕ್ಕೆ ಇಳಿಯಬೇಡಿ, ಅವರಿಗೇ ಪ್ರತ್ಯೇಕವಾಗಿ ಕೇಳಿ.

ತಿದ್ದಿದ ಪರಿಚಯವನ್ನು ಮರುದಿನವೇ ಹಾಕಬೇಡಿ. ಕೆಲವು ವಾರ ಬೇರೆಯವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರಿ. ಕರೆಂಟ್ ಯಾವಾಗ ಬಂತು, ಬೀಗದ ಕೈ ಯಾರಿಗೆ ಸಿಕ್ಕಿತು, ಇಂಥವಕ್ಕೆ. ಆಮೇಲೆ ಪರಿಚಯದ ಮೆಸೇಜ್ ಬೇಕೇ ಅನ್ನಿಸುವುದಿಲ್ಲ. ಬಿ ಬ್ಲಾಕಿನ ಫಿಸಿಯೋ ಮೇಡಂ ಎಂದು ಯಾರಾದರೂ ಅಷ್ಟರಲ್ಲಿ ಕರೆಯಲು ಶುರು ಮಾಡಿರುತ್ತಾರೆ.